ಪೈಪಿನ ಬಾಯಿಗೆ ಹಾಕಿದ ಮುಚ್ಚಳ

ಹೊಳಲ್ಕೆರೆಯ ಆ ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಗೀಸರ್ ಪೈಪಿನ ಬಾಯಿಗೆ ಮುಚ್ಚಳ ಹಾಕಲು ಚಿತ್ರಲಿಂಗಪ್ಪನಿಗೆ ಐದು ನಿಮಿಷವೂ ಹಿಡಿಯಲಿಲ್ಲ. ಅದನ್ನು ಹಾಕಿದ್ದು ನಾನೇ ಎಂದು ಹೇಳಲು ನಾಲ್ಕು ತಿಂಗಳ ಮೇಲೆ ಹಿಡಿಯಿತು.

ಅವನೇನು ಕೈಚಳಕವಿಲ್ಲದ ಕೆಲಸಗಾರನಲ್ಲ. ಊರಿನಲ್ಲಿ ಹದಿನೆಂಟು ವರ್ಷದಿಂದ ಪ್ಲಂಬಿಂಗ್ ಮಾಡಿಕೊಂಡು ಬಂದವನು. ಯಾವ ಮನೆಯ ಯಾವ ಗೋಡೆಯೊಳಗೆ ಪೈಪ್ ಎಲ್ಲಿ ತಿರುಗಿದೆ ಅಂತ ಮನೆಯವರಿಗಿಂತ ಅವನಿಗೇ ಚೆನ್ನಾಗಿ ಗೊತ್ತು. ಹಾಸ್ಟೆಲ್ ಕಟ್ಟಿದ ಟ್ರಸ್ಟಿನ ಕಾರ್ಯದರ್ಶಿ ನಾಗರಾಜಪ್ಪನವರು ಬೇರೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. "ನೀರಿನ ಕೆಲ್ಸ ಅಂದ್ರೆ ಚಿತ್ರಲಿಂಗನೇ" ಎಂದು ನಾಲ್ಕು ಜನರ ಮುಂದೆ ಹೇಳುತ್ತಿದ್ದರು. ಆ ಮಾತು ಕೇಳಿದ ದಿನ ಅವನ ನಡಿಗೆಯೇ ಬೇರೆಯಾಗುತ್ತಿತ್ತು.

ಮೇ ತಿಂಗಳಲ್ಲಿ ಮೇಲಿನ ಮಹಡಿಯ ಹುಡುಗಿಯರು ಶವರ್‌ನಲ್ಲಿ ನೀರು ಜೋರಾಗಿ ಬರುವುದಿಲ್ಲ ಎಂದು ದೂರಿದರು. ತಾರಸಿಯ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಚಿತ್ರಲಿಂಗಪ್ಪ ಒಂದು ಪ್ರೆಶರ್ ಪಂಪ್ ಜೋಡಿಸಿದ. ನೀರು ಹಿಂದಕ್ಕೆ ಹೋಗದಂತೆ ಪಂಪಿನ ಜೊತೆ ಒಂದು ನಾನ್-ರಿಟರ್ನ್ ವಾಲ್ವೂ ಕುಳಿತಿತು. ಶವರ್ ಜೋರಾಯಿತು, ಹುಡುಗಿಯರು ಖುಷಿಯಾದರು. ಒಂದು ವಾರ ಕಳೆಯುವುದರೊಳಗೆ ಬಚ್ಚಲ ಹಿಂದಿನ ಕೋಣೆಯ ಇನ್ನೂರು ಲೀಟರ್ ಗೀಸರ್ ತೊಟ್ಟಿಕ್ಕಲು ಶುರುಮಾಡಿತು.

ಆಳೆತ್ತರದ ಆ ಗೀಸರ್‌ನ ನೆತ್ತಿಯ ಹತ್ತಿರ ಪಕ್ಕಕ್ಕೆ ಹಿತ್ತಾಳೆಯದೊಂದು ವಾಲ್ವ್ ಇತ್ತು, ಮೇಲೆ ಸಣ್ಣ ಹಿಡಿಕೆ. ಒಳಗಿನ ಒತ್ತಡ ಮಿತಿ ಮೀರಿದರೂ ಅದು ಬಾಯಿಬಿಡಬೇಕು, ನೀರಿನ ಬಿಸಿ ಮಿತಿ ಮೀರಿದರೂ ಬಾಯಿಬಿಡಬೇಕು. ಹಾಗೆ ಬಿಟ್ಟ ನೀರು ಹೊರಗೆ ಹೋಗಲೆಂದು ಅದಕ್ಕೊಂದು ಪೈಪ್. ಗೀಸರ್ ಕೂರಿಸಿದವರು ಆ ಪೈಪನ್ನು ಗೋಡೆಯಿಂದಾಚೆ ಒಂದು ಗೇಣು ಹೊರಗೆ ಚಾಚಿ ಬಿಟ್ಟು ಹೋಗಿದ್ದರು. ಹುಡುಗಿಯರು ಬಟ್ಟೆ ಒಣಗಿಸಲು ಓಡಾಡುವ ಸಿಮೆಂಟ್ ಹಾದಿಯ ಮೇಲೆ, ಎದೆಯೆತ್ತರದಲ್ಲಿ ಅದರ ಬಾಯಿ. ಮೊದಲು ಅಲ್ಲಿಂದ ಒಂದು ಹನಿಯೂ ಬೀಳುತ್ತಿರಲಿಲ್ಲವಾದ್ದರಿಂದ ಯಾರೂ ಅದನ್ನು ನೋಡಿರಲಿಲ್ಲ. ಈಗ ಹಾದಿ ಪಾಚಿಗಟ್ಟಿತು. ಒಬ್ಬ ಹುಡುಗಿ ಜಾರಿ ಬಿದ್ದು ಮೊಣಕೈ ತರಚಿಕೊಂಡಳು. ವಾರ್ಡನ್ ಬೃಂದಾ ಮೇಡಂ ಫೋನಿನ ಮೇಲೆ ಫೋನು ಮಾಡಿದರು.

ಚಿತ್ರಲಿಂಗಪ್ಪ ವಾಲ್ವ್ ಕೆಟ್ಟಿದೆ ಎಂದು ಹೊಸದು ತಂದು ಹಾಕಿದ. ಅದೂ ತೊಟ್ಟಿಕ್ಕಿತು. ಅದಕ್ಕೆ ದಾರದಲ್ಲಿ ಕಟ್ಟಿದ್ದ ಹಳದಿ ಚೀಟಿಯಲ್ಲಿ ಒಂದು ಚಿತ್ರವಿತ್ತು, ಪೈಪಿನ ಬಾಯಿಗೆ ಮುಚ್ಚಳ ಹಾಕಿ ಅದರ ಮೇಲೆ ಕೆಂಪು ಗೀಟು ಎಳೆದ ಚಿತ್ರ. ಓದು ಬಾರದವನಿಗೂ ತಿಳಿಯುವಂಥದ್ದು. ಅವನು ಅದನ್ನು ಹರಿದು ಜೇಬಿಗೆ ಹಾಕಿಕೊಂಡಿದ್ದ.

ಅಲ್ಲಿ ಕಸ ಗುಡಿಸಿ, ಬಚ್ಚಲು ತೊಳೆದು, ಬೆಳಗ್ಗೆ ಗೀಸರ್ ಸ್ವಿಚ್ ಹಾಕುತ್ತಿದ್ದವಳು ಪಾಲಮ್ಮ. ಐದು ಕಿಲೋಮೀಟರ್ ದೂರದ ಹಟ್ಟಿಯಿಂದ ನಸುಕಿನ ಬಸ್ಸಿಗೆ ಬರುತ್ತಿದ್ದಳು. ಅವಳ ಗಂಡ ಮುದ್ದಣ್ಣ ಕುರಿ ಮೇಯಿಸುವವನು. ಚಿತ್ರಲಿಂಗಪ್ಪ ಎರಡನೇ ಸಲ ವಾಲ್ವ್ ನೋಡಲು ಬಂದಾಗ ಅವಳು ಪೊರಕೆ ಹಿಡಿದುಕೊಂಡೇ ಹತ್ತಿರ ಬಂದಳು.

"ಚಿತ್ರಲಿಂಗಣ್ಣ, ಒಂದ್ ಮಾತು. ಇದು ದಿನಪೂರ್ತಿ ಸೋರಲ್ಲ. ನಾನ್ ಸ್ವಿಚ್ ಹಾಕಿ ನೀರು ಕಾಯ್ತಿರಬೇಕಾದ್ರೆ ಅಷ್ಟೇ ಸೋರೋದು. ಹುಡ್ಗೇರು ನಲ್ಲಿ ತಿರುವಿದ ಕೂಡ್ಲೆ ನಿಂತೋಗ್ತೈತೆ. ಪಂಪ್ ಹಾಕಾಕೆ ಮುಂಚೆ ಹಿಂಗಿರ್ಲಿಲ್ಲ."

ಮಹಡಿಯ ಮೆಟ್ಟಿಲ ಮೇಲೆ ಮೂರು ನಾಲ್ಕು ಹುಡುಗಿಯರು ನಿಂತಿದ್ದರು. ಚಿತ್ರಲಿಂಗಪ್ಪ ನಕ್ಕ. "ಹಂಗಾದ್ರೆ ಸ್ಪ್ಯಾನರ್ ನೀನೇ ಹಿಡ್ಕಾ ಪಾಲಕ್ಕ, ಪೊರಕೆ ನನಗ್ ಕೊಡು" ಎಂದ. ಹುಡುಗಿಯರು ಕಿಸಕ್ಕೆಂದರು. ಪಾಲಮ್ಮನೂ ನಕ್ಕು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೊರಟುಹೋದಳು.

ನ್ಯಾಯವಾಗಿ ಆ ಪೈಪನ್ನು ಗೋಡೆಗುಂಟ ನೆಲದವರೆಗೆ ಇಳಿಸಿ ಮೋರಿಗೆ ಬಿಡಬೇಕಿತ್ತು. ಮೋರಿ ಹಾದಿಯ ಆಚೆ ಇತ್ತು. ಸಿಮೆಂಟ್ ಒಡೆದು ಕಾಲುವೆ ತೋಡಬೇಕು, ಎರಡು ದಿನದ ಕೆಲಸ, ಹೊಸ ಹಾದಿ ಒಡೆಯುವುದಕ್ಕೆ ನಾಗರಾಜಪ್ಪನವರು ಒಪ್ಪುವುದಿಲ್ಲ. ಅವನು ಕಬ್ಬಿಣದ ಪೈಪಿನ ತುದಿಗೆ ಗೇಣುದ್ದದ ಬಿಳಿ ಪ್ಲಾಸ್ಟಿಕ್ ಪೈಪ್ ಸೇರಿಸಿ, ಅದರ ಬಾಯಿಗೆ ಅಂಟಿಸುವ ಸಲ್ಯೂಷನ್ ಹಚ್ಚಿ ಎಂಡ್ ಕ್ಯಾಪ್ ಎಂಬ ಮುಚ್ಚಳ ಒತ್ತಿಬಿಟ್ಟ. ತೊಟ್ಟಿಕ್ಕುವುದು ನಿಂತಿತು. ಹಾದಿ ಒಣಗಿತು. ಬೃಂದಾ ಮೇಡಂ ಅವನಿಗೆ ಕಾಫಿ ತರಿಸಿಕೊಟ್ಟರು.

ಮುಂದಿನ ತಿಂಗಳುಗಳಲ್ಲಿ ಬಚ್ಚಲ ನಲ್ಲಿಗಳು ಒಂದೊಂದೇ ಸೋರತೊಡಗಿದವು. ವಾಷರ್ ಬದಲಿಸಿದ. ಕೈತೊಳೆಯುವ ಬೇಸಿನ್ನಿನ ಕೆಳಗಿನ ಬಳುಕುವ ಪೈಪೊಂದು ಬೆಳಗಿನ ಜಾವ ಸಿಡಿಯಿತು. ಅದನ್ನೂ ಬದಲಿಸಿದ. ಯಾಕೆ ಹೀಗೆ ಎಂದು ಕೂತು ಯೋಚಿಸಿದ್ದರೆ ಅವನಿಗೆ ಹೊಳೆಯದೆ ಇರುತ್ತಿರಲಿಲ್ಲ. ಯೋಚಿಸಬಾರದೆಂದೇ ಬೇಗ ಬೇಗ ಚೀಲ ಕಟ್ಟಿಕೊಂಡು ಬರುತ್ತಿದ್ದ.

ಅಕ್ಟೋಬರಿನಲ್ಲಿ ದಸರಾ ರಜೆಗೆ ಹುಡುಗಿಯರೆಲ್ಲ ಊರಿಗೆ ಹೋದರು. ದೂರದೂರಿನ ಆರು ಮಂದಿ ಮಾತ್ರ ಉಳಿದರು. ಒಂದು ಶನಿವಾರ ಬೆಳಗ್ಗೆ ಹತ್ತೂವರೆಗೆ ಚಿತ್ರಲಿಂಗಪ್ಪ ಮಾರ್ಕೆಟ್ ಯಾರ್ಡಿನಲ್ಲೊಂದು ನಲ್ಲಿ ಕಟ್ಟುತ್ತಿದ್ದಾಗ ಬೃಂದಾ ಮೇಡಂ ಫೋನು ಬಂತು.

"ಚಿತ್ರಲಿಂಗಪ್ಪ, ಗೀಸರ್ ಒಡೆದು ಪಾಲಮ್ಮನ ಮೇಲೆ ಬಿಸಿನೀರು ಬಿದ್ದೈತೆ. ಮೇನ್ ಸ್ವಿಚ್ ತೆಗ್ದಿದೀನಿ. ಬೇಗ ಬನ್ನಿ."

ಅವನು ಬೈಕಿನಲ್ಲಿ ಬಂದಿಳಿದಾಗ ಪಾಲಮ್ಮನನ್ನು ಆಗಲೇ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದರು. ಹಾದಿಯ ತುಂಬ ನೀರು, ಮಗುಚಿ ಬಿದ್ದ ಬಟ್ಟೆ ಬಕೆಟ್ಟು, ಒಂದೇ ಒಂದು ಚಪ್ಪಲಿ. ಗೋಡೆಯಾಚೆಗಿನ ಪೈಪಿನ ಬಾಯಿಂದ ಇನ್ನೂ ಹಬೆ ಬರುತ್ತಿತ್ತು. ಗೀಸರ್ ಒಡೆದಿರಲಿಲ್ಲ. ಒಡೆದದ್ದು ಅವನ ಮುಚ್ಚಳದ ಅಂಟು. ಬಿಳಿ ಪ್ಲಾಸ್ಟಿಕ್ ಪೈಪು ಬೆಂದ ಬದನೆಕಾಯಿಯ ಹಾಗೆ ಮೆತ್ತಗಾಗಿ ಬಾಗಿತ್ತು.

ನೋಡಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು. ಗೀಸರ್ ನಿಲ್ಲದೆ ಕಾದಿದೆ. ನೀರು ಕುದಿಗೆ ಬಂದಾಗ ವಾಲ್ವ್ ತನ್ನ ಕೆಲಸ ಮಾಡಿ ಬಾಯಿ ಬಿಟ್ಟಿದೆ. ಬಿಟ್ಟ ನೀರು ಮುಚ್ಚಳಕ್ಕೆ ಬಂದು ನಿಂತಿದೆ. ಪ್ಲಾಸ್ಟಿಕ್ ಆ ಕಾವು ತಡೆಯದೆ ಸಡಿಲಗೊಂಡು, ಮುಚ್ಚಳ ಗುಂಡಿನ ಹಾಗೆ ಹಾರಿ, ಅದರ ಹಿಂದೆ ಕುದಿಯುವ ನೀರು ಹಾದಿಗೆ ಅಡ್ಡಲಾಗಿ ನುಗ್ಗಿದೆ. ಆ ಹೊತ್ತಿಗೆ ಪಾಲಮ್ಮ ಬಕೆಟ್ ಹಿಡಿದು ಅಲ್ಲಿ ಹಾಯುತ್ತಿದ್ದಳು. ಕಬ್ಬಿಣದ ಪ್ಲಗ್ ತಿರುಪಿ ಗಟ್ಟಿಯಾಗಿ ಕೂರಿಸಿದ್ದಿದ್ದರೆ? ಅದು ಹಾರುತ್ತಿರಲಿಲ್ಲ. ಗೀಸರ್ರೇ ಸಿಡಿದು ಹಾರುತ್ತಿತ್ತು. ಗೋಡೆಯ ಒಳಗಡೆ ಬಚ್ಚಲಿನಲ್ಲಿ ಇಬ್ಬರು ಹುಡುಗಿಯರು ಬಟ್ಟೆ ಒಗೆಯುತ್ತಿದ್ದರಂತೆ. ಅವನ ಕೆಲಸ ಕಚ್ಚಾ ಆದದ್ದರಿಂದ ಕಟ್ಟಡ ಉಳಿದಿತ್ತು.

ಮುಚ್ಚಳ ಹಾದಿಯಾಚೆ ದಾಸವಾಳದ ಬುಡದಲ್ಲಿ ಬಿದ್ದಿತ್ತು. ಬೃಂದಾ ಮೇಡಂ ಒಳಗೆ ಹುಡುಗಿಯರನ್ನು ಸಮಾಧಾನ ಮಾಡುತ್ತಿದ್ದರು. ಅವನು ಚಪ್ಪಲಿ ಎತ್ತಿಡುವವನಂತೆ ಬಗ್ಗಿ, ಮುಚ್ಚಳ ತೆಗೆದು ಚೀಲಕ್ಕೆ ಹಾಕಿಕೊಂಡ. ಬಾಗಿದ ಪೈಪನ್ನು ಗರಗಸದಿಂದ ಕೊಯ್ದು ಅದನ್ನೂ ಹಾಕಿಕೊಂಡ. ಕೈ ನಡುಗಲಿಲ್ಲ. ಆಮೇಲೆ ಎಷ್ಟೋ ದಿನ ಅವನನ್ನು ಹೆಚ್ಚಾಗಿ ಕಾಡಿದ್ದು ಅದೇ. ಆ ಹೊತ್ತಿನಲ್ಲಿ ತನ್ನ ಕೈ ನಡುಗಲಿಲ್ಲವಲ್ಲ ಎಂಬುದು.

ನಾಗರಾಜಪ್ಪನವರು ಆಸ್ಪತ್ರೆಯಿಂದ ನೇರ ಬಂದರು. "ಏನಾತು ಚಿತ್ರಲಿಂಗ? ಎಡಗೈ ಪೂರ್ತಿ ಬೆಂದೈತೆ, ತೊಡೆ ಮ್ಯಾಲೂ. ಚಿತ್ರದುರ್ಗಕ್ಕೆ ಕರ್ಕೊಂಡ್ ಹೋಗ್ರಿ ಅಂದಿದಾರೆ."

"ಗೀಸರ್ ಜಾಸ್ತಿ ಕಾದೈತೆ ಸಾರ್. ವಾಲ್ವ್ ಬಿಟ್ಕೊಂಡೈತೆ. ಅದು ಇರೋದೇ ಅದಕ್ಕೆ."

"ಯಾಕ್ ಜಾಸ್ತಿ ಕಾದದ್ದು?"

ಚಿತ್ರಲಿಂಗಪ್ಪ ಗೀಸರ್ ಕಡೆ ನೋಡುತ್ತ ಹೇಳಿದ. "ಬೆಳಗ್ಗೆ ಆರಕ್ಕೆ ಹಾಕಿರೋ ಸ್ವಿಚ್ಚು ಇನ್ನೂ ಆನಲ್ಲೇ ಇತ್ತಂತೆ ಸಾರ್."

ಬೇರೇನೂ ಹೇಳಬೇಕಾಗಲಿಲ್ಲ. ಸ್ವಿಚ್ ಹಾಕುವವಳು ಪಾಲಮ್ಮ, ತೆಗೆಯಬೇಕಾದವಳು ಪಾಲಮ್ಮ. "ಎಂಥ ಅಜಾಗರೂಕತೆ ನೋಡು, ತನ್ನ ಮೈ ತಾನೇ ಸುಟ್ಕಂಡ್ಳು" ಎಂದು ನಾಗರಾಜಪ್ಪನವರು ತಲೆಗೆ ಕೈಹಚ್ಚಿದರು. ಚಿತ್ರಲಿಂಗಪ್ಪ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ನೀರು ಕಾದ ಮೇಲೆ ಅದೇ ಆಫ್ ಆಗುತ್ತದೆ, ದಿನವಿಡೀ ಆನ್ ಇದ್ದರೂ ಏನೂ ಆಗುವುದಿಲ್ಲ ಎಂದು ಗೀಸರ್ ಬಂದ ವರ್ಷ ಪಾಲಮ್ಮನಿಗೆ ಹೇಳಿಕೊಟ್ಟವನು ಅವನೇ.

ಮಂಗಳವಾರ ಚಿತ್ರದುರ್ಗದಿಂದ ಗೀಸರ್ ರಿಪೇರಿಯ ನಿರಂಜನ್ ಬಂದ. ಮೂವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ, ಮಾತು ಕಡಿಮೆ. ಗೀಸರ್‌ನ ಹೊದಿಕೆ ಬಿಚ್ಚಿ ಮೀಟರ್ ಹಿಡಿದು ನೋಡಿ ನಾಗರಾಜಪ್ಪನವರನ್ನು ಕರೆದ. ನೀರು ಅರವತ್ತು ಡಿಗ್ರಿಗೆ ಬಂದರೆ ಕರೆಂಟು ಕಡಿಯಬೇಕಾದ ಥರ್ಮೋಸ್ಟಾಟ್ ಕಚ್ಚಿಕೊಂಡು ನಿಂತಿತ್ತು. ಅದು ಕೈಕೊಟ್ಟರೆ ಕಡಿಯಲೆಂದು ಇರುವ ಇನ್ನೊಂದು ಕಟೌಟನ್ನು ಎಂದೋ ಯಾವನೋ ಎಲೆಕ್ಟ್ರಿಷಿಯನ್ ವೈರ್ ಸುತ್ತಿ ನೇರ ಜೋಡಿಸಿದ್ದ.

"ಎರಡು ಕಾವಲು ಮೊದ್ಲೇ ಹೋಗಿದ್ವು ಸಾರ್" ಎಂದ ನಿರಂಜನ್. "ಕಡೆ ಕಾವಲು ಈ ವಾಲ್ವ್. ಏಳು ಬಾರ್ ಒತ್ತಡಕ್ಕಾದ್ರೂ ಬಿಡುತ್ತೆ, ತೊಂಬತ್ತೊಂಬತ್ತು ಡಿಗ್ರಿಗಾದ್ರೂ ಬಿಡುತ್ತೆ. ಇದು ಸರಿಯಾಗೇ ಐತೆ." ಹಿಡಿಕೆ ಎತ್ತಿ ನೀರು ಬಿಟ್ಟು ತೋರಿಸಿದ. ಆಮೇಲೆ ಹೊರಗೆ ಬಂದು ಕಬ್ಬಿಣದ ಪೈಪಿನ ತುದಿಯನ್ನು ಬೆರಳಿನಿಂದ ಸವರಿದ. "ಇದಕ್ಕಿಂತ ಮುಂಚೆ ತೊಟ್ಟಿಕ್ತಿತ್ತಾ?"

"ಸ್ವಲ್ಪ ದಿನ" ಎಂದ ಚಿತ್ರಲಿಂಗಪ್ಪ.

"ಪಂಪ್ ಹಾಕಿದ ಮೇಲೆ?"

"ಹೂಂ."

ನಿರಂಜನ್ ನಾಗರಾಜಪ್ಪನವರಿಗೆ ಬಿಡಿಸಿ ಹೇಳಿದ. ನೀರು ಕಾದರೆ ಹಿಗ್ಗುತ್ತದೆ. ಇನ್ನೂರು ಲೀಟರ್ ತಣ್ಣೀರು ಕಾಯುವ ಹೊತ್ತಿಗೆ ಎರಡೂವರೆ ಮೂರು ಲೀಟರ್ ಹೆಚ್ಚಾಗಿರುತ್ತದೆ. ಮೊದಲು ಆ ಹೆಚ್ಚಿನ ನೀರು ಬಂದ ದಾರಿಯಲ್ಲೇ ಹಿಂದಕ್ಕೆ, ತಾರಸಿಯ ಟ್ಯಾಂಕಿಗೆ ಹೋಗುತ್ತಿತ್ತು. ಪಂಪಿನ ಜೊತೆ ಬಂದ ನಾನ್-ರಿಟರ್ನ್ ವಾಲ್ವ್ ಆ ದಾರಿ ಮುಚ್ಚಿತು. ಹೋಗಲು ಜಾಗವಿಲ್ಲದೆ ಒಳಗೆ ಒತ್ತಡ ಏರುತ್ತದೆ, ವಾಲ್ವ್ ಹನಿಹನಿಯಾಗಿ ಬಿಟ್ಟು ಇಳಿಸುತ್ತದೆ. ಯಾರಾದರೂ ನಲ್ಲಿ ತಿರುವಿದರೆ ಒತ್ತಡ ಇಳಿದು ಹನಿ ನಿಲ್ಲುತ್ತದೆ.

ಪಾಲಮ್ಮ ಪೊರಕೆ ಹಿಡಿದುಕೊಂಡು ಹೇಳಿದ್ದ ಮಾತೇ ಇದು. ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ. ಚಿತ್ರಲಿಂಗಪ್ಪನ ಕಿವಿ ಕಾದು ಕೆಂಪಾದವು.

"ಪೈಪಿನ ಮೇಲೆ ಸಲ್ಯೂಷನ್ ಗುರ್ತು ಐತಲ್ಲ, ಇಲ್ಲೇನಿತ್ತು?" ನಿರಂಜನ್ ಕೇಳಿದ.

"ಒಂದ್ ತುಂಡು ಪೈಪಿತ್ತು. ಕೊಚ್ಕೊಂಡ್ ಹೋತು."

"ಬಾಯಿ ತೆರೆದೇ ಇತ್ತಾ?"

"ತೆರೆದಿತ್ತು."

ನಿರಂಜನ್ ಅವನನ್ನು ಒಂದು ಗಳಿಗೆ ನೋಡಿದ. ಚೀಟಿಯಲ್ಲಿ ಬರೆದುಕೊಟ್ಟ: ಥರ್ಮೋಸ್ಟಾಟ್, ಕಟೌಟ್ ಹೊಸದು, ತಣ್ಣೀರು ಪೈಪಿಗೆ ಹಿಗ್ಗಿದ ನೀರು ಹಿಡಿದುಕೊಳ್ಳುವ ಸಣ್ಣ ಟ್ಯಾಂಕ್, ವಾಲ್ವಿನ ಪೈಪನ್ನು ಎಲ್ಲೂ ಸಣ್ಣದು ಮಾಡದೆ, ಎಲ್ಲೂ ಮೇಲಕ್ಕೆ ಏರಿಸದೆ, ಇಳಿಜಾರಾಗಿ ಮೋರಿಯವರೆಗೆ ಒಯ್ಯುವುದು, ತುದಿ ಕಣ್ಣಿಗೆ ಕಾಣುವಂತೆ ನೆಲದಿಂದ ಅರ್ಧ ಅಡಿ ಮೇಲಿರುವುದು, ಅದಕ್ಕೆ ನಲ್ಲಿಯಾಗಲಿ ಮುಚ್ಚಳವಾಗಲಿ ಹಾಕಕೂಡದು. ಕಡೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದ.

ಅವನು ಹೋದ ಮೇಲೂ ನಾಗರಾಜಪ್ಪನವರು ಹಳೆಯ ಮಾತನ್ನೇ ಹಿಡಿದಿದ್ದರು. "ಮಶೀನು ಕೆಟ್ಟಿರ್ಬಹುದು, ಆದ್ರೆ ಸ್ವಿಚ್ ತೆಗ್ದಿದ್ರೆ ಇದಾಗ್ತಿರ್ಲಿಲ್ಲ. ಪಾಲಮ್ಮ ವಾಸಿಯಾಗ್ಲಿ, ಪಾಪ. ಕೆಲ್ಸಕ್ಕೆ ಮಾತ್ರ ಬೇರೆಯವ್ರನ್ನ ನೋಡಾಣ." ಚಿತ್ರಲಿಂಗಪ್ಪ ಚೀಲ ಎತ್ತಿಕೊಂಡು ಹೊರಟ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆಯೂ ಹಾಗೇ ಆಯಿತು. ಮನೆಯಲ್ಲಿ ಅನ್ನ ಬಡಿಸಿದರೆ ಕೈ ತೊಳೆದು ಎದ್ದುಬಿಡುತ್ತಿದ್ದ. ಹೆಂಡತಿ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ "ಹಾಸ್ಟೆಲಾಗೆ ಏನೋ ಆತಂತಲ್ಲ?" ಎಂದರೆ ಫೋನು ಬಂದವನಂತೆ ಪಕ್ಕಕ್ಕೆ ಹೋಗುತ್ತಿದ್ದ.

ಮೂರನೇ ವಾರ ಪಾಲಮ್ಮ ಆಸ್ಪತ್ರೆಯಿಂದ ಮನೆಗೆ ಬಂದಳೆಂದು ತಿಳಿಯಿತು. ಎಳನೀರು, ಮೂಸಂಬಿ ಹಿಡಿದು ಹಟ್ಟಿಗೆ ಹೋದ. ನೋಡಿ ಬಂದುಬಿಡೋಣ, ಮನಸ್ಸು ಹಗುರಾಗುತ್ತದೆ ಎಂದಷ್ಟೇ ಅವನ ಲೆಕ್ಕಾಚಾರ.

ಪಾಲಮ್ಮ ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ಗೋಡೆಗೊರಗಿ ಕೂತಿದ್ದಳು. ಎಡಗೈ ಭುಜದಿಂದ ಬೆರಳತುದಿಯವರೆಗೆ ಬ್ಯಾಂಡೇಜಿನಲ್ಲಿತ್ತು. ಕೈಯನ್ನು ದಿಂಬಿನ ಮೇಲೆ ಬೇರೆಯವರ ವಸ್ತುವಿನ ಹಾಗೆ ಜೋಪಾನವಾಗಿ ಇಟ್ಟುಕೊಂಡಿದ್ದಳು. ಮುದ್ದಣ್ಣ ಅಂಗಳದಲ್ಲಿ ಕುರಿಮರಿಯ ಕಾಲಿಗೆ ಔಷಧಿ ಹಚ್ಚುತ್ತಿದ್ದವನು ಎದ್ದು ನಿಂತ.

"ಬರ್ರಿ ಚಿತ್ರಲಿಂಗಣ್ಣ, ಕುಂತ್ಕಳ್ರಿ" ಎಂದಳು ಪಾಲಮ್ಮ. ಅವನು ಕೂತ. ನೋವು ಹೇಗಿದೆ ಎಂದು ಕೇಳಿದ. ಅವಳು ತಲೆ ತಗ್ಗಿಸಿ ಹೇಳಿದಳು.

"ನನ್ನಿಂದ ನಿಮಗೂ ಕೆಟ್ಟ ಹೆಸರು ಬಂತೇನೋ. ನೀರಿನ ಕೆಲ್ಸ ಅಷ್ಟು ಚೆನ್ನಾಗಿ ಮಾಡಿಕೊಟ್ಟಿದ್ರಿ. ಸ್ವಿಚ್ ತೆಗೀಬೇಕಿತ್ತು, ಮರ್ತೆ. ಮೇಡಂ ಮುಂದೆ, ಸಾರ್ ಮುಂದೆ ಹೆಂಗ್ ಮುಖ ತೋರಿಸ್ಲಿ? ಆ ಹುಡ್ಗೇರಿಗೇನಾರ ಆಗಿದ್ರೆ? ಮಲಗಿದ್ರೂ ಅದೇ ಬರ್ತೈತೆ ಕಣ್ಣಿಗೆ."

ಮೂರು ವಾರದಿಂದ ತಾನು ಹೊರಬೇಕಾದ ನಾಚಿಕೆಯನ್ನು ಇವಳು ಸುಟ್ಟ ಮೈಯ ಮೇಲೆ ಹೊತ್ತುಕೊಂಡು ಕೂತಿದ್ದಾಳೆ. ಚಿತ್ರಲಿಂಗಪ್ಪನಿಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನಿಸಿತು.

"ನೀನ್ ಮರೆತದ್ದಲ್ಲ ಪಾಲಕ್ಕ" ಎಂದ. "ಆನಲ್ಲೇ ಇದ್ರೂ ಏನೂ ಆಗಲ್ಲ ಅಂತ ನಾನೇ ಹೇಳಿದ್ನಲ್ಲ. ಒಳಗೆ ಕೆಟ್ಟಿತ್ತು. ಕೆಟ್ರೂ ನಿನ್ ಮೈ ಮೇಲೆ ಹಂಗೆ ನುಗ್ತಿರ್ಲಿಲ್ಲ. ಪೈಪಿನ ಬಾಯಿ ನಾನ್ ಮುಚ್ಚಿದ್ದೆ. ಸೋರ್ತೈತೆ ಅಂತ. ಅದನ್ನ ಕೆಳಗೆ ಇಳಿಸಿ ಮೋರಿಗೆ ಬಿಡಬೇಕಿತ್ತು, ಬಿಡ್ಲಿಲ್ಲ. ನೀನ್ ಹೇಳಿದ್ದೆಲ್ಲ ಸರಿ ಇತ್ತು. ಅವತ್ತು ಮುಚ್ಚಳ ಎತ್ಕೊಂಡ್ ಬಂದು ಬಚ್ಚಿಟ್ಟೆ. ಯಾರಿಗೂ ಹೇಳಿಲ್ಲ."

ಮುದ್ದಣ್ಣ ಔಷಧಿಯ ಡಬ್ಬಿ ಹಿಡಿದುಕೊಂಡೇ ನಿಂತಿದ್ದ. ಅವನು ಬೈದಿದ್ದರೆ, ಎರಡು ಬಿಟ್ಟಿದ್ದರೆ ಸಹಿಸಬಹುದಿತ್ತು. ಅವನು ಎಳನೀರಿನ ಚೀಲವನ್ನು ಎತ್ತಿ ಚಿತ್ರಲಿಂಗಪ್ಪನ ಬೈಕಿನ ಹ್ಯಾಂಡಲ್ಲಿಗೆ ವಾಪಸ್ಸು ತೂಗುಹಾಕಿ ಬಂದ, ಅಷ್ಟೆ.

ಪಾಲಮ್ಮ ದಿಂಬಿನ ಮೇಲಿನ ಕೈಯನ್ನು ಸರಿಮಾಡಿಕೊಂಡಳು. ಆಮೇಲೆ ಕೇಳಿದಳು. ಈ ಸಲ ಬಹುವಚನ ಇರಲಿಲ್ಲ.

"ಹಿಂಗೆ ಇನ್ನೆಷ್ಟ್ ಮನೇಲಿ ಮುಚ್ಚಿದೀಯ?"

ಈ ಪ್ರಶ್ನೆಯನ್ನು ಅವನು ನಿರೀಕ್ಷಿಸಿರಲಿಲ್ಲ. ಮನೆಗಳ ಸಣ್ಣ ಗೀಸರುಗಳ ತಳದಲ್ಲಿ ತಣ್ಣೀರು ಒಳಗೆ ಹೋಗುವ ಕಡೆ ಬೆರಳುದ್ದದ ಒತ್ತಡದ ವಾಲ್ವ್ ಇರುತ್ತದೆ. ಪಂಪ್ ಹಾಕಿದ ಮನೆಗಳಲ್ಲಿ ಅದೂ ತೊಟ್ಟಿಕ್ಕುತ್ತದೆ. ಬಚ್ಚಲಲ್ಲಿ ನೀರು ಬೀಳುತ್ತದೆ ಎಂದು ದೂರಿದವರ ಮನೆಯಲ್ಲೆಲ್ಲ ಅವನು ಅದರ ತೂತಿಗೆ ಸ್ಕ್ರೂ ಬಿಗಿದಿದ್ದ. ಮನಸ್ಸಿನಲ್ಲೇ ಬೀದಿ ಬೀದಿ ಸುತ್ತಿ ಬಂದ.

"ಒಂಬತ್ತು."

"ಮತ್ತೆ ಇಲ್ಲಿ ಯಾಕ್ ಕುಂತಿದೀಯ? ಎದ್ ಹೋಗು."

ಅವನು ಎದ್ದು ಹೋದ. ನೇರ ನಾಗರಾಜಪ್ಪನವರ ಮನೆಗೆ ಹೋಗಿ, ಚೀಲದ ತಳದಲ್ಲಿದ್ದ ಮುಚ್ಚಳವನ್ನೂ ಬಾಗಿದ ಪೈಪನ್ನೂ ಅವರ ಮೇಜಿನ ಮೇಲಿಟ್ಟು ನಡೆದದ್ದು ಹೇಳಿದ. ಬೃಂದಾ ಮೇಡಂ ಕೂಡ ರಜಿಸ್ಟರ್ ಹಿಡಿದು ಅಲ್ಲೇ ಇದ್ದರು. ನಾಗರಾಜಪ್ಪನವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಿಂಗಾಗ್ತೈತೆ ಅಂತ ನಿನಗ್ ಗೊತ್ತಿರ್ಲಿಲ್ವೇನಯ್ಯ?"

"ಗೊತ್ತಾಗ್ಲಿಲ್ಲ ಸಾರ್" ಎಂದ ಚಿತ್ರಲಿಂಗಪ್ಪ.

"ಆ ಹೆಂಗಸಿನ ಮ್ಯಾಲೆ ಎಷ್ಟ್ ಮಾತಾಡ್ದೆ ನಾನು. ನೀನ್ ಪಕ್ಕದಾಗೇ ನಿಂತಿದ್ದೆ." ಅಷ್ಟೇ ಹೇಳಿ ಅವರು ಎದ್ದು ಒಳಗೆ ಹೋದರು. ಬೃಂದಾ ಮೇಡಂ ಅವನತ್ತ ನೋಡದೆ, "ಇನ್ಮೇಲೆ ನೀವು ಬರೋದ್ ಬೇಡ" ಎಂದರು.

ಮರುದಿನ ಬೆಳಗ್ಗೆಯಿಂದ ಅವನು ಒಂಬತ್ತು ಮನೆಗಳ ಬಾಗಿಲು ತಟ್ಟಲು ಹೊರಟ. ಮೊದಲನೆಯ ಮನೆಯಲ್ಲಿ ಅರ್ಥವೇ ಆಗಲಿಲ್ಲ. "ಸೋರ್ತಿಲ್ವಲ್ಲ, ಮತ್ಯಾಕ್ ಬಿಚ್ತೀಯ?" ಎಂದರು. ಸೋರಬೇಕು, ಸೋರಿದರೇ ಕ್ಷೇಮ ಎಂದು ಹೇಳಿ ಸ್ಕ್ರೂ ತೆಗೆದು, ಆ ತೂತಿಗೊಂದು ತೆಳುವಾದ ಪೈಪ್ ಸಿಕ್ಕಿಸಿ ಬಚ್ಚಲ ಮೋರಿಯ ಮೇಲಕ್ಕೆ ಇಳಿಬಿಟ್ಟ, ತುದಿ ತೆರೆದೇ ಬಿಟ್ಟ. ಎರಡನೆಯ ಮನೆಯ ಗಂಡಸು ಬೀದಿಗೆ ಕೇಳುವಂತೆ ಬೈದ. ನಮ್ಮ ಮಕ್ಕಳು ಸ್ನಾನ ಮಾಡೋ ಜಾಗ ಕಣಯ್ಯ ಅದು, ಎಂದ. ಎದುರು ಮನೆಯವರು ಹೊರಗೆ ಬಂದು ನೋಡಿದರು. ಒಂದು ಮನೆಯಲ್ಲಿ ನಕ್ಕರು. ಒಂದು ಮನೆಯಲ್ಲಿ ಬಾಗಿಲಲ್ಲೇ ನಿಲ್ಲಿಸಿ, ಬೇರೆ ಪ್ಲಂಬರಿಗೆ ಫೋನು ಮಾಡಿದರು, ಅವನು ಬಂದು ಸ್ಕ್ರೂ ತೆಗೆಯುವವರೆಗೆ ಇವನು ಬೀದಿಯಲ್ಲಿ ನಿಂತು ಕಾಯಬೇಕಾಯಿತು. ತೆಗೆದ ಸ್ಕ್ರೂವನ್ನು ಕಣ್ಣಾರೆ ಕಂಡೇ ಹೊರಟ.

ಎಲ್ಲ ಕಡೆಯೂ ಒಂದೇ ಪ್ರಶ್ನೆ ಬರುತ್ತಿತ್ತು, ನಿನಗೆ ಗೊತ್ತಿರಲಿಲ್ಲವಾ ಎಂದು. ಎಲ್ಲ ಕಡೆಯೂ ಅವನು ಒಂದೇ ಉತ್ತರ ಕೊಟ್ಟ. ಆ ಉತ್ತರಕ್ಕೆ ಜನ ಸ್ವಲ್ಪ ಮೆತ್ತಗಾಗುತ್ತಿದ್ದರು. ಓದಿಲ್ಲದವನು, ತಿಳಿಯದೆ ಮಾಡಿದ, ಬಂದು ಹೇಳಿದನಲ್ಲ, ಎನ್ನುತ್ತಿದ್ದರು. ಒಬ್ಬರಂತೂ ಟೀ ಕೊಟ್ಟರು. ಆ ಟೀಯನ್ನು ಅವನು ಅರ್ಧಕ್ಕೇ ಇಟ್ಟು ಎದ್ದ.

ಒಂಬತ್ತನೆಯದು ಮಹಾದೇವಮ್ಮ ಟೀಚರ್ ಮನೆ. ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಚಿತ್ರಲಿಂಗಪ್ಪನಿಗೆ ಐದನೇ ಕ್ಲಾಸಿನಲ್ಲಿ ಪಾಠ ಮಾಡಿದ್ದವರು. ಅವನು ಹೇಳುವುದನ್ನೆಲ್ಲ ಬಚ್ಚಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಅವನು ಸ್ಕ್ರೂ ಬಿಚ್ಚುವಾಗ ಟಾರ್ಚ್ ಹಿಡಿದರು. ಗೀಸರ್ ಹಾಕಿಸಿ, ನೀರು ಕಾಯುತ್ತ ಬಂದಂತೆ ಪೈಪಿನ ತುದಿಯಿಂದ ಹನಿ ಬೀಳುವುದನ್ನು ಬಗ್ಗಿ ನೋಡಿದರು.

"ಬಿಸಿಯಾದಾಗ ಹಿಗ್ಗಿದ್ದು ಇಷ್ಟು ಆಚೆ ಬರ್ತೈತೆ. ಅಷ್ಟೇ ತಾನೆ?"

"ಅಷ್ಟೇ ಟೀಚರ್. ದಿನಪೂರ್ತಿ ಸೋರಿದ್ರೆ, ಅಥವಾ ಧಾರೆಯಾಗಿ ಬಂದ್ರೆ ಆಗ ಕೆಟ್ಟೈತೆ ಅಂತ. ಆವಾಗ ಸ್ವಿಚ್ ತೆಗ್ದು ಕರೀರಿ. ನನ್ನಲ್ದಿದ್ರೆ ಯಾರನ್ನಾದ್ರೂ."

ಅವರು ಟಾರ್ಚ್ ಆರಿಸಿದರು. "ಇದನ್ನ ಮುಚ್ಬಾರ್ದು ಅಂತ ನಿನಗ್ ಅವತ್ತೇ ಗೊತ್ತಿರ್ಲಿಲ್ವಾ ಚಿತ್ರಲಿಂಗ?"

ಉತ್ತರ ಬಾಯಿಪಾಠವಾಗಿತ್ತು. ಎಂಟು ಮನೆಗಳಲ್ಲಿ ಹೇಳಿದ್ದ, ನಾಗರಾಜಪ್ಪನವರ ಮುಂದೆಯೂ ಹೇಳಿದ್ದ. ನಾಲಿಗೆಯ ತುದಿಗೆ ಬಂದಿತ್ತು. ಅವನು ಸ್ಪ್ಯಾನರನ್ನು ಬಟ್ಟೆಯಿಂದ ಒರೆಸಿದ, ಮತ್ತೆ ಒರೆಸಿದ.

"ಗೊತ್ತಿತ್ತು ಟೀಚರ್" ಎಂದ. "ಎಲ್ಲ ಕಡೇನೂ ಗೊತ್ತಿದ್ದೇ ಮುಚ್ಚಿದೆ."

ಮಹಾದೇವಮ್ಮ ಟಾರ್ಚ್ ಕೆಳಗಿಟ್ಟರು. ಮುಖ ತೊಳೆದುಕೊ ಎಂದು ಟವೆಲ್ ಕೊಟ್ಟರು. ಆಗಲೇ ಅವನಿಗೆ ತಾನು ಅಳುತ್ತಿದ್ದೇನೆಂದು ತಿಳಿದದ್ದು. ಅಲ್ಲಿಂದ ಹೊರಟವನು ಮನೆಗೆ ಹೋಗಲಿಲ್ಲ. ಉಳಿದ ಎಂಟು ಮನೆಗಳಿಗೂ, ನಾಗರಾಜಪ್ಪನವರಲ್ಲಿಗೂ ಮತ್ತೆ ಹೋಗಿ ಆ ಒಂದು ಮಾತನ್ನು ತಿದ್ದಿ ಬಂದ. ಟೀ ಕೊಟ್ಟಿದ್ದವರು ಈ ಸಲ ಬಾಗಿಲು ಹಾಕಿಕೊಂಡರು.

ಹಾಸ್ಟೆಲ್‌ನ ಕೆಲಸವನ್ನು ನಿರಂಜನ್ ಮಾಡಿಸಿದ. ಹಾದಿ ಒಡೆದು ಕಾಲುವೆ ತೋಡಲು ಅವನಿಗೊಬ್ಬ ಆಳು ಬೇಕಿತ್ತು. ಚಿತ್ರಲಿಂಗಪ್ಪ ಕೇಳಿಕೊಂಡ, ನಾಗರಾಜಪ್ಪನವರು ಮುಖ ಬೇರೆ ಕಡೆ ತಿರುಗಿಸಿ ಹೂಂ ಎಂದರು. ಎರಡು ದಿನ ಅವನು ಬರಿ ಹಾರೆ ಹಿಡಿದು ಸಿಮೆಂಟ್ ಒಡೆದ, ಪೈಪನ್ನು ಮುಟ್ಟಲಿಲ್ಲ. ಪೈಪನ್ನು ನಿರಂಜನ್ನೇ ಜೋಡಿಸಿದ.

ಪಾಲಮ್ಮನನ್ನು ನಾಗರಾಜಪ್ಪನವರು ತಾವೇ ಹಟ್ಟಿಗೆ ಹೋಗಿ ಕರೆದರು. ಸಂಕ್ರಾಂತಿಯಾದ ಮೇಲೆ ಅವಳು ಬಂದಳು. ಎಡಗೈ ಪೂರ್ತಿ ಮಡಚಲು ಬಾರದು, ಹಾಗಾಗಿ ಬಕೆಟ್ಟನ್ನು ಬಲಗೈಯಲ್ಲೇ ಎತ್ತುತ್ತಾಳೆ. ಒಂದು ದಿನ ಬೆಳಗ್ಗೆ ಚಿತ್ರಲಿಂಗಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಬೈಕ್ ನಿಲ್ಲಿಸಿಕೊಂಡಿದ್ದಾಗ ಅವಳು ಬಸ್ಸಿನಿಂದ ಇಳಿದಳು. ಸುಟ್ಟ ಚರ್ಮ ತೋಳಿನ ಮೇಲೆ ನುಣ್ಣಗೆ ಹೊಳೆಯುತ್ತಿತ್ತು. ಅವನು ಬೈಕಿನಿಂದ ಇಳಿದು ನಿಂತ. ಅವಳು ಹತ್ತಿರ ಬಂದು, "ಒಂಬತ್ತೂ ಆತಾ?" ಎಂದು ಕೇಳಿದಳು.

"ಆತು ಪಾಲಕ್ಕ."

ಅವಳು ತಲೆಯಾಡಿಸಿ, ಸೆರಗಿನಿಂದ ತೋಳು ಮುಚ್ಚಿಕೊಂಡು ಹಾಸ್ಟೆಲ್ ಕಡೆ ನಡೆದಳು. ಬೈಕಿನಲ್ಲಿ ಬಿಡುತ್ತೇನೆ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.